ನಗದು ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ತಾಳೆ ಹಾಕುವುದು

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಮೊದಲ ವಾರ ಬಂತೆಂದರೆ ಶಿವಮೊಗ್ಗದ ಗಾಂಧಿ ಬಜಾರಿನಿಂದ ಹಿಡಿದು ತೀರ್ಥಹಳ್ಳಿ, ಹೊಸನಗರ, ಸಾಗರದ ಅಂಗಡಿಗಳವರೆಗೆ ಲೆಕ್ಕ ಬರೆಯುವವರಿಗೆಲ್ಲ ಒಂದೇ ತಲೆನೋವು. ನಗದು ಪುಸ್ತಕದ ಬ್ಯಾಂಕ್ ಅಂಕಣದಲ್ಲಿ ಒಂದು ಶಿಲ್ಕು ಇರುತ್ತದೆ. ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು ಬಂದರೆ ಅದರಲ್ಲಿ ಬೇರೆಯೇ ಶಿಲ್ಕು. ಇಬ್ಬರಲ್ಲಿ ಯಾರದ್ದೋ ತಪ್ಪಿದೆ ಅಂತ ಗಾಬರಿಯಾಗುವವರೇ ಜಾಸ್ತಿ. ಆದರೆ ಮಾರ್ಚ್ 31ರ ಸಂಜೆ ಈ ಎರಡು ಮೊತ್ತ ಒಂದೇ ಇರಬೇಕು ಅಂತ ಏನೂ ಇಲ್ಲ. ವ್ಯತ್ಯಾಸ ಯಾಕೆ ಬಂತು ಅಂತ ರೂಪಾಯಿ ಲೆಕ್ಕದಲ್ಲಿ ಹೇಳಲು ಬಂದರೆ ಸಾಕು. ಹಾಗೆ ಹೇಳುವ ಪಟ್ಟಿಗೇ ಬ್ಯಾಂಕ್ ಹೊಂದಾಣಿಕೆ ಪಟ್ಟಿ ಅನ್ನುವುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬ್ಯಾಂಕಿನಲ್ಲಿರುವ ಹಣ ನಮ್ಮದು, ನಮಗೆ ಬರಬೇಕಾದದ್ದು. ಹಾಗಾಗಿ ನಮ್ಮ ಪುಸ್ತಕದಲ್ಲಿ ಅದು ಡೆಬಿಟ್ ಶಿಲ್ಕು. ಅದೇ ಹಣವನ್ನು ಬ್ಯಾಂಕಿನವರು ನಮಗೆ ಕೊಡಬೇಕು. ಹಾಗಾಗಿ ಅವರ ಪುಸ್ತಕದಲ್ಲಿ ಅದು ಕ್ರೆಡಿಟ್. ಪಾಸ್‌ಬುಕ್ ಅಂದರೆ ಬ್ಯಾಂಕಿನವರು ಬರೆದುಕೊಂಡ ನಮ್ಮ ಖಾತೆಯ ನಕಲು. ನಮ್ಮ ಡೆಬಿಟ್ ಅವರ ಕ್ರೆಡಿಟ್. ತಾಳೆ ಹಾಕುವಾಗ ನಗದು ಪುಸ್ತಕದ ಡೆಬಿಟ್ ಬದಿಯನ್ನು ಪಾಸ್‌ಬುಕ್ಕಿನ ಕ್ರೆಡಿಟ್ ಅಂಕಣದ ಜೊತೆಗೇ ನೋಡಬೇಕು.

ಈಗ ಒಂದು ಲೆಕ್ಕವನ್ನೇ ಮಾಡೋಣ. ಕಾಗದ, ಪೆನ್ನು ಹತ್ತಿರ ಇದ್ದರೆ ತೆಗೆದುಕೊಳ್ಳಿ, ಅಂಕಿಗಳನ್ನು ನಿಧಾನವಾಗಿ ಹೇಳುತ್ತೇನೆ.

ತೀರ್ಥಹಳ್ಳಿಯಲ್ಲಿ ಒಂದು ಅಡಿಕೆ ವ್ಯಾಪಾರದ ಅಂಗಡಿ ಇದೆ ಅಂದುಕೊಳ್ಳಿ. ಬ್ಯಾಂಕಿನಲ್ಲಿ ಚಾಲ್ತಿ ಖಾತೆ. ಮಾರ್ಚ್ 31ಕ್ಕೆ ನಗದು ಪುಸ್ತಕದ ಪ್ರಕಾರ ಬ್ಯಾಂಕ್ ಶಿಲ್ಕು 1,86,400 ರೂಪಾಯಿ. ಪಾಸ್‌ಬುಕ್ ಹೇಳುವುದು 2,30,690 ರೂಪಾಯಿ. ಅಂದರೆ 44,290 ರೂಪಾಯಿ ವ್ಯತ್ಯಾಸ.

ಇಲ್ಲಿ ಯಜಮಾನರಿಗೆ ಖುಷಿಯಾಗಬಹುದು, ಬ್ಯಾಂಕಿನಲ್ಲಿ ಜಾಸ್ತಿ ದುಡ್ಡಿದೆಯಲ್ಲ ಅಂತ. ಆ ಖುಷಿಯಲ್ಲಿ ಇನ್ನೊಂದು ಚೆಕ್ ಬರೆದುಬಿಡಬೇಡಿ. ಮೊದಲು ಒಂದೊಂದೇ ನಮೂದು ನೋಡೋಣ.

ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಕಳೆದ ತಿಂಗಳ ಹೊಂದಾಣಿಕೆ ಪಟ್ಟಿಯೂ ಬೇಕು. ಅದನ್ನು ಬಹಳ ಜನ ಮರೆಯುತ್ತಾರೆ. ಫೆಬ್ರವರಿಯಲ್ಲಿ ಬಾಕಿ ಉಳಿದಿದ್ದ ಚೆಕ್ಕುಗಳು ಮಾರ್ಚ್ ಪಾಸ್‌ಬುಕ್ಕಿನಲ್ಲಿ ಬಂದಿರುತ್ತವೆ. ಅವು ಮಾರ್ಚ್ ನಗದು ಪುಸ್ತಕದಲ್ಲಿ ಇರುವುದಿಲ್ಲ, ಫೆಬ್ರವರಿಯಲ್ಲೇ ಬರೆದಾಗಿರುತ್ತದೆ. ಹಾಗಾಗಿ ಮೊದಲು ಹಳೆ ಪಟ್ಟಿಯ ಬಾಕಿಗಳನ್ನು ಗುರುತು ಹಾಕಿ ಮುಗಿಸಿ. ಆಮೇಲೆ ಮಾರ್ಚ್ ತಿಂಗಳ ಒಂದೊಂದು ನಮೂದನ್ನೂ ಎರಡೂ ಕಡೆ ಹುಡುಕಿ, ಸಿಕ್ಕಿದ್ದಕ್ಕೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಟಿಕ್ ಹಾಕುತ್ತಾ ಹೋಗಿ. ಚೆಕ್ಕಿನ ನಂಬರ್ ನೋಡಿಯೇ ಟಿಕ್ ಹಾಕಬೇಕು, ಮೊತ್ತ ಒಂದೇ ಇದೆ ಅಂತ ಹಾಕಬಾರದು. ಅಡಿಕೆ ಅಂಗಡಿಯಲ್ಲಿ ಒಂದೇ ಮೊತ್ತದ ಎರಡು ಚೆಕ್ ಇರುವುದು ಅಪರೂಪವೇನಲ್ಲ. ಕೊನೆಗೆ ಟಿಕ್ ಬೀಳದೆ ಉಳಿದವಷ್ಟೇ ನಮ್ಮ ಕೆಲಸ.

ನಮ್ಮ ಅಂಗಡಿಯ ಲೆಕ್ಕದಲ್ಲಿ ಆರು ನಮೂದು ಉಳಿದವು.

ಒಂದು, ಮಾರ್ಚ್ 28ಕ್ಕೆ ಆಗುಂಬೆ ಕಡೆಯ ಬೆಳೆಗಾರರೊಬ್ಬರಿಗೆ ರಾಶಿ ಅಡಿಕೆಯ ಬಾಬ್ತು ಕೊಟ್ಟ 64,000 ರೂಪಾಯಿ ಚೆಕ್. ನಾವು ಕೊಟ್ಟ ದಿನವೇ ನಗದು ಪುಸ್ತಕದಲ್ಲಿ ಕಳೆದಿದ್ದೇವೆ. ಅವರು ಅದನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಪೇಟೆಗೆ ಬೇರೆ ಕೆಲಸ ಬಿದ್ದಾಗ ಹಾಕಿದರಾಯಿತು ಅಂತ ಮಲೆನಾಡಿನಲ್ಲಿ ಎಲ್ಲರೂ ಮಾಡುವುದು ಹಾಗೇ ಅಲ್ವಾ? ಬ್ಯಾಂಕಿಗೆ ಈ ಚೆಕ್ ಇರುವುದೇ ಗೊತ್ತಿಲ್ಲ.

ಎರಡು, ಶಿವಮೊಗ್ಗದ ಖರೀದಿದಾರರು ಕೊಟ್ಟ 38,500 ರೂಪಾಯಿ ಚೆಕ್. 31ರ ಸಂಜೆ ಬ್ಯಾಂಕಿನ ಚೆಕ್ ಪೆಟ್ಟಿಗೆಗೆ ಹಾಕಿದ್ದು. ಏಪ್ರಿಲ್ 1 ಬ್ಯಾಂಕಿನವರು ವರ್ಷದ ಲೆಕ್ಕ ಮುಗಿಸುವ ದಿನ, ಗ್ರಾಹಕರಿಗೆ ಅಂದು ವ್ಯವಹಾರ ಇರುವುದಿಲ್ಲ. ಆ ಚೆಕ್ ಜಮಾ ಆಗುವುದು ಅದಾದ ಮೇಲೆಯೇ. ನಮ್ಮ ಪುಸ್ತಕದಲ್ಲಿ ಮಾತ್ರ 31ರಂದೇ ಬಂದಂತೆ ಬರೆದಾಗಿದೆ.

ಮೂರು, ದಾವಣಗೆರೆಯ ಗಿರಾಕಿಯೊಬ್ಬರು ಹಳೆ ಬಾಕಿ 25,000 ರೂಪಾಯಿಯನ್ನು ನೇರವಾಗಿ ಖಾತೆಗೆ ಹಾಕಿದ್ದಾರೆ. ಫೋನ್ ಮಾಡಿ ಹೇಳಿಲ್ಲ. ನಾಲ್ಕು, ಬ್ಯಾಂಕ್ ಶುಲ್ಕ 500 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ 90, ಒಟ್ಟು 590. ಐದು, ಗೋದಾಮಿನ ವಿಮೆಯ ಕಂತು 4,720 ರೂಪಾಯಿ. ಹಿಂದೆ ಯಾವಾಗಲೋ ಸಹಿ ಹಾಕಿಕೊಟ್ಟ ಒಪ್ಪಿಗೆಯಂತೆ ತಾನಾಗಿಯೇ ಕಡಿತವಾಗಿದೆ.

ಆರನೆಯದು ನಮ್ಮ ಕಡೆಯ ಕೈತಪ್ಪು. ಗೋಣಿಚೀಲದವರಿಗೆ ಕೊಟ್ಟ ಚೆಕ್ 5,430 ರೂಪಾಯಿಯದ್ದು. ಪಾಸ್‌ಬುಕ್ಕಿನಲ್ಲಿ ಸರಿಯಾಗಿದೆ. ನಗದು ಪುಸ್ತಕದಲ್ಲಿ 4,530 ಅಂತ ಬರೆದಿದೆ. 900 ರೂಪಾಯಿ ಕಡಿಮೆ ಖರ್ಚು ಬಿದ್ದಿದೆ. ಇಂಥ ತಪ್ಪು ಹಿಡಿಯಲು ಒಂದು ಉಪಾಯ ಇದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಎಲ್ಲ ಮುಗಿದ ಮೇಲೂ 900, 270, 63 ಇಂಥ ಮೊತ್ತ ಉಳಿದರೆ ಅದಲುಬದಲಾದ ಅಂಕಿ ಹುಡುಕಿ. 9ರಿಂದ ಭಾಗವಾದ ಮಾತ್ರಕ್ಕೆ ತಪ್ಪು ಅದೇ ಅಂತ ಖಾತ್ರಿ ಇಲ್ಲ, ಎಲ್ಲಿಂದ ಹುಡುಕಬೇಕು ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಈ ಆರನ್ನೂ ಒಂದೇ ಪಟ್ಟಿಗೆ ಸುರಿದು ಕೂಡಿ ಕಳೆದರೆ ಉತ್ತರ ಬರುತ್ತದೆ ನಿಜ. ಪರೀಕ್ಷೆಗೆ ಓದುವ ಮಕ್ಕಳು ಹಾಗೇ ಮಾಡುವುದೂ ಉಂಟು. ಆದರೆ ಅಂಗಡಿಯ ಲೆಕ್ಕದಲ್ಲಿ ಹಾಗೆ ಮಾಡಬಾರದು ಅಂತ ನಾನು ಒತ್ತಿ ಹೇಳುತ್ತೇನೆ. ಇವುಗಳಲ್ಲಿ ಎರಡು ಜಾತಿ ಇದೆ. ಮೊದಲ ಎರಡು, ಅಂದರೆ ಬೆಳೆಗಾರರ ಚೆಕ್ ಮತ್ತು ಶಿವಮೊಗ್ಗದ ಚೆಕ್, ನಾವು ಸರಿಯಾಗಿಯೇ ಬರೆದಿದ್ದೇವೆ. ಬ್ಯಾಂಕಿಗೆ ತಲುಪುವುದಷ್ಟೇ ಬಾಕಿ. ಉಳಿದ ನಾಲ್ಕು ನಿಜವಾಗಿ ನಡೆದುಹೋಗಿವೆ, ನಮ್ಮ ಪುಸ್ತಕದಲ್ಲಿ ಇಲ್ಲ ಅಥವಾ ತಪ್ಪಾಗಿವೆ. ಆ ನಾಲ್ಕನ್ನು ಮೊದಲು ನಗದು ಪುಸ್ತಕದಲ್ಲೇ ಬರೆದು ಸರಿಮಾಡಬೇಕು. ಇಲ್ಲದಿದ್ದರೆ ವಿಮೆ ಕಂತು ಖರ್ಚಿಗೆ ಬೀಳುವುದಿಲ್ಲ. ದಾವಣಗೆರೆಯವರ ಹೆಸರಿನಲ್ಲಿ ಬಾಕಿ ಹಾಗೇ ನಿಲ್ಲುತ್ತದೆ, ನೀವು ಅವರಿಗೆ ಮತ್ತೆ ದುಡ್ಡು ಕೇಳಿ ಮನಸ್ತಾಪ ಮಾಡಿಕೊಳ್ಳುತ್ತೀರಿ.

ಹಾಗಾಗಿ ಮೊದಲ ಹೆಜ್ಜೆ, ನಗದು ಪುಸ್ತಕ. 1,86,400ಕ್ಕೆ ದಾವಣಗೆರೆಯ 25,000 ಕೂಡಿಸಿ. ಅದರಲ್ಲಿ ಶುಲ್ಕ 590, ವಿಮೆ 4,720, ಗೋಣಿಚೀಲದ 900 ಕಳೆಯಿರಿ. 2,05,190 ಉಳಿಯುತ್ತದೆ. ಇದು ಅಂಗಡಿಯ ನಿಜವಾದ ಬ್ಯಾಂಕ್ ಶಿಲ್ಕು. ಮಾರ್ಚ್ 31ರ ಆಸ್ತಿ ಜವಾಬ್ದಾರಿ ಪಟ್ಟಿಯಲ್ಲಿ ಬರೆಯಬೇಕಾದದ್ದು ಈ ಮೊತ್ತವನ್ನು. ಪಾಸ್‌ಬುಕ್ಕಿನಲ್ಲಿ ಇರುವುದನ್ನಲ್ಲ.

ಎರಡನೇ ಹೆಜ್ಜೆ, ಹೊಂದಾಣಿಕೆ ಪಟ್ಟಿ. ಮೇಲೆ ಅಂಗಡಿಯ ಹೆಸರು, ಖಾತೆ, ಮಾರ್ಚ್ 31ಕ್ಕೆ ಇದ್ದಂತೆ ಅಂತ ಬರೆಯಿರಿ. ನಗದು ಪುಸ್ತಕದ ಸರಿಪಡಿಸಿದ ಶಿಲ್ಕು 2,05,190. ಕೊಟ್ಟಿದ್ದೇವೆ, ಇನ್ನೂ ಪಾವತಿಗೆ ಬಂದಿಲ್ಲ ಅನ್ನುವ ಚೆಕ್ 64,000 ಕೂಡಿಸಿ. ಯಾಕೆಂದರೆ ಆ ಹಣ ಬ್ಯಾಂಕಿನಲ್ಲಿ ಇನ್ನೂ ಇದೆ. 2,69,190 ಆಯಿತು. ಹಾಕಿದ್ದೇವೆ, ಇನ್ನೂ ಜಮಾ ಆಗಿಲ್ಲ ಅನ್ನುವ ಚೆಕ್ 38,500 ಕಳೆಯಿರಿ. 2,30,690. ಪಾಸ್‌ಬುಕ್ ತೆರೆದು ನೋಡಿ, ಅದೇ ಮೊತ್ತ.

ನಗದು ಪುಸ್ತಕದಿಂದ ಹೊರಟು ಪಾಸ್‌ಬುಕ್ಕಿಗೆ ಬಂದೆವು. ಪಾಸ್‌ಬುಕ್ಕಿನಿಂದ ಹೊರಟರೆ ಕೂಡಿದ್ದನ್ನು ಕಳೆಯಬೇಕು, ಕಳೆದದ್ದನ್ನು ಕೂಡಬೇಕು, ಅಷ್ಟೇ. ಬ್ಯಾಂಕಿನಿಂದ ಸಾಲದ ಮಿತಿ ಪಡೆದು ಹೆಚ್ಚು ಹಣ ಎತ್ತಿದವರಿಗೆ ಶಿಲ್ಕು ನಮ್ಮ ಪುಸ್ತಕದಲ್ಲೇ ಕ್ರೆಡಿಟ್ ಇರುತ್ತದೆ. ಅವರು ಆ ಮೊತ್ತವನ್ನು ಋಣ ಚಿಹ್ನೆ ಹಾಕಿ ಮೇಲೆ ಬರೆದುಕೊಂಡು ಇದೇ ರೀತಿ ಮುಂದುವರಿದರೆ ತಪ್ಪಾಗುವುದಿಲ್ಲ.

ಉತ್ತರ ಕೂಡಿ ಬಂತು ಅಂತ ಪುಸ್ತಕ ಮುಚ್ಚಬೇಡಿ. ಪಟ್ಟಿಯಲ್ಲಿ ಉಳಿದ ಎರಡು ಚೆಕ್ಕುಗಳನ್ನು ಏಪ್ರಿಲ್ ಪಾಸ್‌ಬುಕ್ಕಿನಲ್ಲಿ ಹುಡುಕಬೇಕು. ಶಿವಮೊಗ್ಗದ ಚೆಕ್ ಕೆಲವೇ ದಿನದಲ್ಲಿ ಜಮಾ ಆಗಿರಬೇಕು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಚೆಕ್ ಕ್ಲಿಯರಿಂಗ್ ಪದ್ಧತಿಯನ್ನೇ ಬದಲಿಸಿದೆ. ಈಗ ಚೆಕ್ಕಿನ ಚಿತ್ರ ದಿನವಿಡೀ ಹೋಗುತ್ತಲೇ ಇರುತ್ತದೆ, ಮೊದಲಿನಷ್ಟು ಕಾಯುವುದಿಲ್ಲ. ಹಾಗಿರುವಾಗ ಹಾಕಿದ ಚೆಕ್ ಎರಡು ವಾರವಾದರೂ ಬಂದಿಲ್ಲ ಅಂದರೆ ಏನೋ ಆಗಿದೆ ಅಂತಲೇ ಅರ್ಥ, ಶಾಖೆಗೆ ಹೋಗಿ ಕೇಳಿ.

ಪಟ್ಟಿಯಲ್ಲಿ ಒಂದು ಸಾಲು ಕಂಡರೆ ಮಾತ್ರ ತಕ್ಷಣ ಎಚ್ಚರವಾಗಬೇಕು. ನಗದು ಕಟ್ಟಿದ್ದೇವೆ, ಜಮಾ ಆಗಿಲ್ಲ ಅನ್ನುವ ಸಾಲು. ಚೆಕ್ಕಿಗೆ ಕ್ಲಿಯರಿಂಗ್ ಬೇಕು, ನೋಟಿಗೆ ಬೇಡ. ಕೌಂಟರಿನಲ್ಲಿ ಕಟ್ಟಿದ ನಗದು ಅದೇ ದಿನ ಖಾತೆಯಲ್ಲಿ ಕಾಣಬೇಕು. ಕಾಣದಿದ್ದರೆ ಚಲನ್ ತೋರಿಸಿ ಅಂತ ಕೇಳಿ, ಅದರ ಮೇಲೆ ಬ್ಯಾಂಕಿನ ಮುದ್ರೆ, ತಾರೀಖು ನೋಡಿ. ಇದೇ ಕಾರಣಕ್ಕೆ, ಸೊಸೈಟಿಯಾಗಲಿ ಅಂಗಡಿಯಾಗಲಿ, ನಗದು ಕಟ್ಟಲು ಹೋಗುವವರೇ ಈ ಪಟ್ಟಿಯನ್ನೂ ಬರೆಯುವ ಏರ್ಪಾಡು ಇದ್ದರೆ ಬದಲಾಯಿಸಿ.

ಇನ್ನು ಆಗುಂಬೆಯ ಬೆಳೆಗಾರರ ಚೆಕ್. ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳು ಮಾತ್ರ ಅದಕ್ಕೆ ಜೀವ. 2012ರ ಏಪ್ರಿಲ್ 1ಕ್ಕೆ ಮೊದಲು ಆರು ತಿಂಗಳು ಇತ್ತು, ಹಾಗಾಗಿ ಹಿರಿಯರು ಈಗಲೂ ಆರು ಅಂತಲೇ ತಿಳಿದಿರುತ್ತಾರೆ. ಮೇ ತಿಂಗಳ ಪಟ್ಟಿಯಲ್ಲೂ ಆ 64,000 ಹಾಗೇ ಕೂತಿದ್ದರೆ ಫೋನ್ ಮಾಡಿ ನೆನಪಿಸಿ. ಅವಧಿ ಮೀರಿದರೆ ನಗದು ಪುಸ್ತಕದಲ್ಲಿ ಆ ಮೊತ್ತವನ್ನು ಬ್ಯಾಂಕಿಗೆ ವಾಪಸ್ ತಂದು, ಬೆಳೆಗಾರರ ಖಾತೆಗೆ ಕೊಡಬೇಕಾದ ಬಾಕಿಯಾಗಿ ಬರೆಯಬೇಕು. ಲಾಭಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಚೆಕ್ ಸತ್ತಿರಬಹುದು, ಅಡಿಕೆ ಕೊಟ್ಟವರಿಗೆ ನಾವು ಕೊಡಬೇಕಾದ ದುಡ್ಡು ಹಾಗೇ ಇದೆ.

ಶಿವಮೊಗ್ಗದ ಚೆಕ್ ಹಣವಿಲ್ಲದೆ ವಾಪಸ್ ಬಂದರೆ? ವಾಪಸ್ ಬಂದ ತಾರೀಖಿಗೇ ನಗದು ಪುಸ್ತಕದಲ್ಲಿ ಕಳೆದು, ಖರೀದಿದಾರರ ಹೆಸರಿನಲ್ಲಿ ಮತ್ತೆ ಬಾಕಿ ಏರಿಸಬೇಕು. ಬ್ಯಾಂಕ್ ಹಿಡಿದ ವಾಪಸಾತಿ ಶುಲ್ಕವನ್ನೂ ಬರೆಯಬೇಕು. ಕಾನೂನು ಕ್ರಮ ಬೇಕಿದ್ದರೆ 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು ಇದೆ. ಅದರ ಪ್ರಕಾರ ಚೆಕ್ ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ ಇರುತ್ತದೆ. ವರ್ಷಕ್ಕೊಮ್ಮೆ ಆಡಿಟ್ ಹೊತ್ತಿಗೆ ತಾಳೆ ಹಾಕುವವರು ಬ್ಯಾಂಕಿನ ಮೆಮೊ ಬಂದಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಫೈಲಿಗೆ ಸೇರಿಸಿಬಿಟ್ಟಿರುತ್ತಾರೆ. ಪಟ್ಟಿ ಬರೆಯಲು ಕೂತಾಗ ಆ 30 ದಿನ ಕಳೆದುಹೋಗಿರುತ್ತದೆ. ತಿಂಗಳು ಮುಗಿದ ಮೊದಲ ವಾರದಲ್ಲೇ ತಾಳೆ ಹಾಕುವವರ ಕೈಯಲ್ಲಿ ನೋಟಿಸ್ ಬರೆಸಲು ಹೆಚ್ಚಿನ ಸಲ ಇನ್ನೂ ದಿನ ಉಳಿದಿರುತ್ತವೆ.

ನಮಸ್ಕಾರ.