ಸಕ್ಕರೆ, ಉಪ್ಪು ಮತ್ತು ಒಂದು ಲೀಟರ್ ನೀರು

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ. ನಾನು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತೇನೆ. ಮಳೆ ಶುರುವಾಗಿ ಭೀಮಾ ಹೊಳೆಗೆ ಹೊಸ ನೀರು ಬಂತು ಅಂದರೆ ನಮ್ಮಲ್ಲಿ ಮಕ್ಕಳ ವಾಂತಿ ಬೇಧಿಯೂ ಜಾಸ್ತಿಯಾಗುತ್ತದೆ. ಆಗ ನಾವು ಮನೆ ಮನೆಗೆ ಓಆರ್‌ಎಸ್ ಪ್ಯಾಕೆಟ್ ಕೊಡುತ್ತೇವೆ. ಪ್ಯಾಕೆಟ್ ಕೈಗೆ ಸಿಕ್ಕರೂ ಅದನ್ನು ನೀರಿನಲ್ಲಿ ಕಲಸುವುದರಲ್ಲೇ ಬಹಳ ಮನೆಗಳಲ್ಲಿ ತಪ್ಪಾಗುತ್ತದೆ. ಅದಕ್ಕೇ ಇವತ್ತು ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ಒಬ್ಬ ತಂಗಿಯ ಮನೆಗೆ ಹೋಗಿದ್ದೆ. ಒಂದೂವರೆ ವರ್ಷದ ಕೂಸಿಗೆ ಬೆಳಗಿನಿಂದ ನೀರಿನಂಥ ಬೇಧಿ. ತಾಯಿ ಒಂದು ಲೋಟ ನೀರಿಗೆ ಇಡೀ ಪ್ಯಾಕೆಟ್ ಸುರಿದು ಕಲಕುತ್ತಿದ್ದಳು. "ಕೂಸು ಒಂದು ಲೋಟಾನೂ ಕುಡಿಯಂಗಿಲ್ಲಕ್ಕಾ. ಗಟ್ಟಿ ಮಾಡಿ ಕೊಟ್ಟರ ಲಗೂ ಶಕ್ತಿ ಬರ್ತದಲ್ಲ?" ಅಂದಳು. ಆಕೆ ಕೇಳಿದ್ದು ಮಗುವಿನ ಮೇಲಿನ ಪ್ರೀತಿಯಿಂದಲೇ. ಆದರೆ ಆ ಲೋಟವನ್ನು ಕೂಸಿಗೆ ಕುಡಿಸಿದ್ದರೆ ಬೇಧಿ ಇನ್ನೂ ಜೋರಾಗುತ್ತಿತ್ತು. ಯಾಕೆ ಅಂತ ಕೇಳಿ.

ಬೇಧಿಯಲ್ಲಿ ಹೋಗುವುದು ಬರೀ ನೀರಲ್ಲ, ನೀರಿನ ಜೊತೆ ಮೈಯೊಳಗಿನ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿಸಿದರೆ ಹೋದ ಉಪ್ಪು ತುಂಬುವುದಿಲ್ಲ. ಕರುಳು ಕೆಟ್ಟಿರುವಾಗ ಆ ನೀರೂ ಸರಿಯಾಗಿ ಒಳಗೆ ಹಿಡಿಯುವುದಿಲ್ಲ. ಬರೀ ಉಪ್ಪು ನೀರು ಕೊಟ್ಟರೂ ಅಷ್ಟೇ. ಆದರೆ ಕರುಳಿನ ಗೋಡೆಯಲ್ಲಿ ಒಂದು ದಾರಿ ಇದೆ. ಎರಡು ಕೀಲಿ ಹಾಕಿದರೆ ಮಾತ್ರ ತೆರೆಯುವ ಬಾಗಿಲು ಅಂದುಕೊಳ್ಳಿ. ಒಂದು ಕೀಲಿ ಗ್ಲೂಕೋಸ್ ಸಕ್ಕರೆ, ಇನ್ನೊಂದು ಉಪ್ಪಿನಲ್ಲಿರುವ ಸೋಡಿಯಂ. ಎರಡೂ ಸೇರಿ ಬಂದರೆ ಒಳಗೆ ಹೋಗುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದಂಥ ದೊಡ್ಡ ಬೇನೆಯಲ್ಲೂ ಈ ಬಾಗಿಲು ಕೆಡುವುದಿಲ್ಲ. ಓಆರ್‌ಎಸ್‌ನ ಗುಟ್ಟೆಲ್ಲ ಇಷ್ಟೇ. ಸಕ್ಕರೆ ಹಾಕಿರುವುದು ರುಚಿಗೋಸ್ಕರ ಅಂತ ಬಹಳ ಮಂದಿ ತಿಳಿದಿದ್ದಾರೆ. ಸಕ್ಕರೆ ಇಲ್ಲದಿದ್ದರೆ ಉಪ್ಪು ಒಳಗೆ ಹೋಗುವುದೇ ಕಷ್ಟ.

ಹಾಗಾದರೆ ಸಕ್ಕರೆ ಜಾಸ್ತಿ ಇದ್ದರೆ ಒಳ್ಳೆಯದಲ್ವಾ? ಇಲ್ಲ. ಕರುಳಿನಲ್ಲಿರುವ ನೀರು ರಕ್ತಕ್ಕಿಂತ ಗಟ್ಟಿಯಾದರೆ ಅದು ಮೈಯೊಳಗಿನ ನೀರನ್ನೇ ಹೊರಗೆ ಎಳೆಯುತ್ತದೆ. ಬೇಧಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪು ಏರುತ್ತದೆ. ಸಣ್ಣ ಮಕ್ಕಳಿಗೆ ಇದು ಜೀವಕ್ಕೇ ಅಪಾಯ, ಫಿಟ್ಸ್ ಕೂಡ ಬರಬಹುದು. ಬೇಧಿಯಾದಾಗ ಬಾಟಲಿ ಜ್ಯೂಸು, ತಂಪು ಪಾನೀಯ ಬೇಡ ಅನ್ನುವುದೂ ಇದಕ್ಕೇ. ಮೊದಲಿದ್ದ ಓಆರ್‌ಎಸ್‌ನಲ್ಲಿ ಉಪ್ಪು, ಸಕ್ಕರೆ ಎರಡೂ ಈಗಿನದಕ್ಕಿಂತ ಜಾಸ್ತಿ ಇದ್ದವು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಎರಡನ್ನೂ ತಗ್ಗಿಸಿದವು. ತಿಳಿ ಮಾಡಿದ ಮೇಲೆ ವಾಂತಿಯೂ ಬೇಧಿಯೂ ಕಡಿಮೆಯಾಗುತ್ತವೆ ಅಂತ ಪರೀಕ್ಷೆಗಳಲ್ಲಿ ಗೊತ್ತಾಗಿತ್ತು.

ಈಗಿನ ದೊಡ್ಡ ಪ್ಯಾಕೆಟ್‌ನಲ್ಲಿ ಇಪ್ಪತ್ತೂವರೆ ಗ್ರಾಂ ಪುಡಿ ಇರುತ್ತದೆ. ಅದರಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಉಳಿದದ್ದು ಬೇಧಿಯಲ್ಲಿ ಹೋಗುವ ಪೊಟ್ಯಾಸಿಯಂ ತುಂಬಲು ಮತ್ತು ರಕ್ತ ಹುಳಿಯಾಗದಂತೆ ತಡೆಯಲು ಇರುವ ಲವಣಗಳು. ಇದೆಲ್ಲ ಒಂದು ಲೀಟರ್ ನೀರಿಗೆ ಹಿಡಿದ ಲೆಕ್ಕ. ಅಂಗಡಿಯಲ್ಲಿ ಸಿಗುವ ಒಂದು ಲೀಟರ್ ನೀರಿನ ಬಾಟಲಿಯನ್ನು ಅಳತೆಗೆ ಇಟ್ಟುಕೊಳ್ಳಿ. ಕಾಯಿಸಿ ಆರಿಸಿದ ನೀರನ್ನು ಆ ಬಾಟಲಿಯಿಂದ ಅಳೆದು ಸ್ವಚ್ಛ ಪಾತ್ರೆಗೆ ಹಾಕಿ, ಇಡೀ ಪ್ಯಾಕೆಟ್ ಸುರಿದು ಕರಗಿಸಿ. ಅರ್ಧ ಪ್ಯಾಕೆಟ್ ಇವತ್ತು, ಅರ್ಧ ನಾಳೆ ಅನ್ನಬೇಡಿ. ಪುಡಿಯಲ್ಲಿ ಉಪ್ಪು ಒಂದು ಕಡೆ, ಸಕ್ಕರೆ ಒಂದು ಕಡೆ ಕೂತಿರಬಹುದು. ಕಲಸಿದ ಮೇಲೆ ಕಾಯಿಸಬಾರದು, ಹಾಲು, ಸಕ್ಕರೆ ಏನೂ ಸೇರಿಸಬಾರದು. 24 ತಾಸು ಕಳೆದರೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಒಂದು ಲೋಟಕ್ಕೆ ಸಾಲುವಷ್ಟು ಪುಡಿಯ ಸಣ್ಣ ಪ್ಯಾಕೆಟ್‌ಗಳೂ ಬರುತ್ತವೆ. ಅದಕ್ಕೇ ಎಷ್ಟು ನೀರು ಅಂತ ಪ್ಯಾಕೆಟ್ ಮೇಲೆ ಒಮ್ಮೆ ಓದಿಕೊಳ್ಳಿ.

ಮತ್ತೆ ಆ ಕೂಸಿನ ವಿಷಯಕ್ಕೆ ಬರುತ್ತೇನೆ. ಕಣ್ಣು ಒಳಗೆ ಹೋಗಿದ್ದವು. ಕಿರಿಕಿರಿ ಮಾಡುತ್ತಿತ್ತು, ನೀರು ಕಂಡರೆ ಕೈ ಚಾಚುತ್ತಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದೆ ಸರಿಯುತ್ತಿತ್ತು. ಇವು ಮೈಯಲ್ಲಿ ನೀರು ಕಡಿಮೆಯಾದ ಗುರುತು. ದಾರಿಯಲ್ಲೇ ಓಆರ್‌ಎಸ್ ಕುಡಿಸುತ್ತ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಕೂಸಿನ ತೂಕ 9 ಕಿಲೋ. ಇಂಥ ಮಕ್ಕಳಿಗೆ ಕಿಲೋಗೆ 75 ಮಿಲಿಲೀಟರ್‌ನಂತೆ 4 ತಾಸಿನಲ್ಲಿ ಕೊಡಬೇಕು. ಅಂದರೆ 675 ಮಿಲಿ. ಆ ತಂಗಿಗೆ ಗಾಬರಿಯಾಯಿತು. "ಒಂದು ಚಮಚಕ್ಕೆ 5 ಮಿಲಿ. ಎರಡು ನಿಮಿಷ ಆಗೋದರೊಳಗ ಒಂದು ಚಮಚ ಹಾಕ್ಕೋತ ಹೋಗವ್ವ, ಮುಗೀತದ" ಅಂತ ನರ್ಸಮ್ಮ ಹೇಳಿದರು. ನಡುವೆ ಕೂಸು ವಾಂತಿ ಮಾಡಿಕೊಂಡಿತು. ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಿದರು. ಎದೆಹಾಲನ್ನೂ ನಿಲ್ಲಿಸಲಿಲ್ಲ. ನಾಲ್ಕು ತಾಸಾಗುವಷ್ಟರಲ್ಲಿ ಕೂಸು ಉಚ್ಚೆ ಹೊಯ್ದಿತು, ಚರ್ಮ ಚಿವುಟಿದರೆ ಥಟ್ಟನೆ ಹಿಂದೆ ಹೋಗುತ್ತಿತ್ತು.

ಅಲ್ಲಿದ್ದ ಅಜ್ಜಿ ಮಾತ್ರ "ಒಂದು ಸಲಾಯಿನ್ ಬಾಟಲಿ ಹಚ್ಚಿಬಿಡ್ರೀ" ಅನ್ನುತ್ತಲೇ ಇದ್ದಳು. ಆಕೆಗೆ ನಾನು 1971ರ ಕಥೆ ಹೇಳಿದೆ. ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಿತ್ತು. ಸಲಾಯಿನ್ ಸಾಲುತ್ತಿರಲಿಲ್ಲ. ಡಾಕ್ಟರ್ ದಿಲೀಪ್ ಮಹಲನೋಬಿಸ್ ಅವರು ಡ್ರಮ್ಮುಗಳಲ್ಲಿ ಗ್ಲೂಕೋಸ್, ಉಪ್ಪು, ಸೋಡಾ ಪುಡಿ ಕಲಸಿ ಇಟ್ಟರು. ರೋಗಿಗಳ ಮನೆಯವರೇ ಲೋಟದಲ್ಲಿ ತುಂಬಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಹೌದು, ಸಲಾಯಿನ್ ಬೇಕಾಗುವ ಸಮಯವೂ ಇದೆ. ಮಗು ಎಚ್ಚರ ತಪ್ಪಿದಂತೆ ಮಲಗಿದ್ದರೆ, ಕುಡಿಯಲು ಆಗದಿದ್ದರೆ, ಚಿವುಟಿದ ಚರ್ಮ ಎರಡು ಸೆಕೆಂಡು ದಾಟಿದರೂ ಹಾಗೇ ನಿಂತಿದ್ದರೆ, ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ. ಬೇಧಿಯಲ್ಲಿ ರಕ್ತ ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಿ.

ಮನೆಗೆ ಬಂದ ಮರುದಿನ ಆ ತಂಗಿ "ಬೇಧಿ ನಿಂತೇ ಇಲ್ಲಕ್ಕಾ, ನಿಮ್ಮ ನೀರು ಕೆಲಸ ಮಾಡವಲ್ದು" ಅಂದಳು. ಇದನ್ನು ನೀವೂ ಗಮನವಿಟ್ಟು ಕೇಳಬೇಕು. ಓಆರ್‌ಎಸ್ ಬೇಧಿ ನಿಲ್ಲಿಸುವ ಔಷಧವಲ್ಲ. ಹೋದ ನೀರನ್ನು ತುಂಬಿಕೊಡುತ್ತದೆ. ಬೇಧಿ ಇನ್ನೂ ಕೆಲವು ದಿನ ಇರಬಹುದು. ಅಲ್ಲಿಯವರೆಗೆ ಪ್ರತಿ ಸಲ ಬೇಧಿಯಾದಾಗ ಎರಡು ವರ್ಷದೊಳಗಿನ ಮಕ್ಕಳಿಗೆ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ ಕುಡಿಸಬೇಕು. ಜೊತೆಗೆ ಮೆತ್ತಗಿನ ಅನ್ನ, ಬೇಳೆ, ಮಜ್ಜಿಗೆ ಕೊಡಿ, ಹೊಟ್ಟೆ ಖಾಲಿ ಇಡಬೇಡಿ.

ಬೇಧಿಯ ದಿನ ಕಡಿಮೆ ಮಾಡುವುದು ನಾವು ಜೊತೆಗೆ ಕೊಡುವ ಜಿಂಕ್ ಗುಳಿಗೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನ ಒಂದು ಗುಳಿಗೆ, ಎರಡರಿಂದ ಆರು ತಿಂಗಳೊಳಗಿನ ಕೂಸಿಗೆ ಅರ್ಧ. ಚಮಚದಲ್ಲಿ ಎದೆಹಾಲು ಅಥವಾ ನೀರು ಹಾಕಿ ಕರಗಿಸಿ ಕುಡಿಸಿ. ಮೂರನೇ ದಿನಕ್ಕೇ ಬೇಧಿ ನಿಂತರೂ 14 ದಿನ ಪೂರ್ತಿ ಕೊಡಿ. ಗುಳಿಗೆಯೂ ಓಆರ್‌ಎಸ್ ಪ್ಯಾಕೆಟ್ಟೂ ನಿಮ್ಮೂರಿನ ಆಶಾ ಹತ್ತಿರ, ಉಪಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ. ಕೂಸಿಗೆ ಬೇಧಿ ಶುರುವಾಗುವವರೆಗೆ ಕಾಯದೆ ಎರಡು ಪ್ಯಾಕೆಟ್ ಈಗಲೇ ಕೇಳಿ ತಂದಿಟ್ಟುಕೊಳ್ಳಿ.