ಎ, ಬಿ, ಸಿ ಗೊತ್ತಾದ ಮೇಲೂ ಎಳೆದು ನೋಡಬೇಕು

ನಮಸ್ಕಾರ. ಪಾದದ ಕೀಲು ಮುರಿದ ಎಕ್ಸ್‌ರೇ ಕೈಗೆ ಬಂದ ಕೂಡಲೇ ನಾವು ಮೂಳೆ ಡಾಕ್ಟರುಗಳು ಮೊದಲು ನೋಡುವುದು ಫಿಬುಲಾ ಯಾವ ಮಟ್ಟದಲ್ಲಿ ಮುರಿದಿದೆ ಅಂತ. ಫಿಬುಲಾ ಅಂದರೆ ಕಾಲಿನ ಹೊರಬದಿಯ ತೆಳ್ಳನೆಯ ಮೂಳೆ. ಅದರ ಪಕ್ಕದ ದಪ್ಪ ಮೂಳೆ ಟಿಬಿಯಾ. ಕೀಲಿನ ಸ್ವಲ್ಪ ಮೇಲೆ ಇವೆರಡನ್ನೂ ಗಟ್ಟಿಯಾಗಿ ಕಟ್ಟಿ ಹಿಡಿದಿರುವ ಲಿಗಮೆಂಟುಗಳ ಜೋಡಣೆಗೆ ಸಿಂಡೆಸ್ಮೋಸಿಸ್ ಅನ್ನುತ್ತೇವೆ. ಕೆಳಗೆ ಪಾದದ ಟೇಲಸ್ ಮೂಳೆ ಈ ಎರಡರ ನಡುವೆ, ಇಕ್ಕಳದ ಬಾಯಲ್ಲಿ ಹಿಡಿದ ಹಾಗೆ, ಕೂತಿರುತ್ತದೆ. ಹಿಡಿತ ಸಡಿಲವಾಗಿ ಟೇಲಸ್ ಒಂದೆರಡು ಮಿಲಿಮೀಟರ್ ಹೊರಗೆ ಸರಿದರೂ ಸಾಕು, ದೇಹದ ಭಾರವೆಲ್ಲ ಸಣ್ಣ ಜಾಗದ ಮೇಲೆ ಬಿದ್ದು ಕೀಲು ಬೇಗ ಸವೆಯುತ್ತದೆ.

ಡಾನಿಸ್ ಶುರು ಮಾಡಿ, 1972ರಲ್ಲಿ ವೆಬರ್ ಜನಪ್ರಿಯಗೊಳಿಸಿದ ವಿಂಗಡಣೆ ತುಂಬಾ ಸುಲಭ. ಸಿಂಡೆಸ್ಮೋಸಿಸ್‌ಗಿಂತ ಕೆಳಗೆ ಮುರಿದರೆ ಎ, ಅದರ ಮಟ್ಟದಲ್ಲೇ ಮುರಿದರೆ ಬಿ, ಮೇಲೆ ಮುರಿದರೆ ಸಿ. ಎ ಆದರೆ ಸಿಂಡೆಸ್ಮೋಸಿಸ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸಿ ಆದರೆ ಹರಿದಿರುವ ಸಾಧ್ಯತೆ ಜಾಸ್ತಿ. ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ. ಆದರೆ ಇದನ್ನೇ ನಿಯಮ ಮಾಡಿಕೊಂಡು, ಸಿ ಅಂದರೆ ಸಿಂಡೆಸ್ಮೋಸಿಸ್‌ಗೆ ಸ್ಕ್ರೂ ಬೇಕು, ಬಿ ಅಂದರೆ ಬೇಡ ಅಂತ ಎಕ್ಸ್‌ರೇ ನೋಡಿಯೇ ತೀರ್ಮಾನಿಸುವವರು ಇನ್ನೂ ಇದ್ದಾರೆ. ಅದು ಸರಿಯಲ್ಲ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿರುವುದು.

ಒಂದು ಉದಾಹರಣೆ ತಗೊಳ್ಳಿ. ನಲವತ್ತರ ಆಸುಪಾಸಿನ ಹೆಂಗಸು, ಮೆಟ್ಟಿಲಿಳಿಯುವಾಗ ಪಾದ ತಿರುಚಿ ಬಿದ್ದಿದ್ದಾರೆ. ಫಿಬುಲಾ ಕೀಲಿನ ಮಟ್ಟದಿಂದ ಓರೆಯಾಗಿ ಮೇಲಕ್ಕೆ ಸೀಳಿದೆ, ಅಂದರೆ ವೆಬರ್ ಬಿ. ಒಳಬದಿಯ ಮೂಳೆ ಮುರಿದಿಲ್ಲ, ಆದರೆ ಅಲ್ಲಿ ಊದಿದೆ, ಮುಟ್ಟಿದರೆ ನೋವು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಟೇಲಸ್‌ಗೂ ಒಳಬದಿಯ ಗಂಟಿಗೂ ನಡುವಿನ ಸಂದು 3 ಮಿಲಿಮೀಟರ್. ನೋಡಲು ಸರಿಯಾಗೇ ಇದೆ ಅಲ್ವಾ? ಪಾದವನ್ನು ಹೊರಕ್ಕೆ ತಿರುಗಿಸಿ ಹಿಡಿದು ಇನ್ನೊಂದು ಫಿಲ್ಮ್ ತೆಗೆದರೆ ಅದೇ ಸಂದು 6 ಆಗುತ್ತದೆ. ಮಾಮೂಲಿಯಾಗಿ ಅದು 4 ದಾಟಬಾರದು. ಹಾಗಾದರೆ ಒಳಬದಿಯ ಡೆಲ್ಟಾಯ್ಡ್ ಲಿಗಮೆಂಟ್ ಹರಿದಿದೆ, ಕೀಲು ನಿಲ್ಲುವುದಿಲ್ಲ, ಆಪರೇಶನ್ ಬೇಕು.

ಫಿಬುಲಾಗೆ ಪ್ಲೇಟ್ ಹಾಕಿ ಉದ್ದ ಸರಿ ಮಾಡಿದ್ದಾಯಿತು. ಹೊಲಿಗೆ ಹಾಕುವ ಮುಂಚೆ ಒಂದು ಕೆಲಸ ಬಾಕಿ ಇದೆ, ಇದನ್ನು ಯಾವ ಮುರಿತದಲ್ಲೂ ಬಿಡಬಾರದು. ಸಣ್ಣ ಕೊಕ್ಕೆಯನ್ನು ಫಿಬುಲಾಗೆ ಸಿಕ್ಕಿಸಿ, ಆಪರೇಶನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಪರದೆ ನೋಡುತ್ತಾ ಹೊರಕ್ಕೆ ಎಳೆಯಬೇಕು. ಆಮೇಲೆ ಪಾದವನ್ನು ಹೊರಕ್ಕೆ ತಿರುಗಿಸಿಯೂ ನೋಡಬೇಕು, ಯಾಕೆಂದರೆ ಫಿಬುಲಾ ಪಕ್ಕಕ್ಕೆ ಮಾತ್ರವಲ್ಲ, ಹಿಂದಕ್ಕೂ ಜಾರುತ್ತದೆ. ಈ ಹೆಂಗಸಿನ ಕೀಲು ಎಳೆದಾಗ ಎರಡು ಮೂಳೆಗಳ ನಡುವೆ ಕಣ್ಣಿಗೆ ಕಾಣುವಷ್ಟು ಬಾಯಿ ಬಿಟ್ಟಿತು. ವೆಬರ್ ಬಿ ಆದರೂ ಸಿಂಡೆಸ್ಮೋಸಿಸ್ ಹಿಡಿದು ನಿಲ್ಲಿಸಲೇಬೇಕು.

ಇದರ ತದ್ವಿರುದ್ಧವೂ ಉಂಟು. ಫಿಬುಲಾ ಕೀಲಿಗಿಂತ ಆರೇಳು ಸೆಂಟಿಮೀಟರ್ ಮೇಲೆ ಮುರಿದಿದೆ, ಪಕ್ಕಾ ಸಿ. ಆದರೆ ಒಳಬದಿಯಲ್ಲಿ ಲಿಗಮೆಂಟ್ ಹರಿಯುವ ಬದಲು ಮೂಳೆಯೇ ಮುರಿದು ಬಂದಿದೆ. ಎರಡೂ ಕಡೆ ಗಟ್ಟಿಯಾಗಿ ಕೂಡಿಸಿ ಎಳೆದು ನೋಡಿದರೆ ಕದಲುವುದೇ ಇಲ್ಲ. ಅಂಥವರಿಗೆ ಸುಮ್ನೆ ಒಂದು ಸ್ಕ್ರೂ ಜಾಸ್ತಿ ಯಾಕೆ? ಹಾಗೆಯೇ ಟಿಬಿಯಾದ ಹಿಂಭಾಗದ ತುಣುಕು ಮುರಿದಿದ್ದರೆ, ಹಿಂದಿನ ಲಿಗಮೆಂಟ್ ಅಂಟಿಕೊಂಡಿರುವುದು ಆ ತುಣುಕಿಗೇ. ಆ ತುಣುಕನ್ನು ಕೂಡಿಸಿದರೆ ಎಷ್ಟೋ ಸಲ ಸಿಂಡೆಸ್ಮೋಸಿಸ್ ತಾನಾಗೇ ಗಟ್ಟಿಯಾಗುತ್ತದೆ.

ಇನ್ನು ಹಿಡಿದು ನಿಲ್ಲಿಸುವ ಬಗೆ. ಕೀಲಿನ ಗೆರೆಯಿಂದ ಸುಮಾರು 2 ಸೆಂಟಿಮೀಟರ್ ಮೇಲೆ, ಗೆರೆಗೆ ಸಮಾನಾಂತರವಾಗಿ, 3.5 ಮಿಲಿಮೀಟರ್ ಸ್ಕ್ರೂ. ಫಿಬುಲಾ ಟಿಬಿಯಾದ ಸ್ವಲ್ಪ ಹಿಂದೆ ಇರುವುದರಿಂದ ಸ್ಕ್ರೂ ಹಿಂದಿನಿಂದ ಮುಂದಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹೋಗಬೇಕು. ಸ್ಕ್ರೂ ಬದಲು ಗಟ್ಟಿ ದಾರದ ಎರಡು ತುದಿಗೂ ಬಟನ್ ಇರುವ ಜೋಡಣೆಯನ್ನೂ ಹಾಕಬಹುದು. ನನ್ನ ಮಟ್ಟಿಗೆ ಯಾವುದನ್ನು ಹಾಕುತ್ತೀರಿ ಅನ್ನುವುದಕ್ಕಿಂತ ಫಿಬುಲಾ ಟಿಬಿಯಾದ ಪಕ್ಕದ ತನ್ನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ಅನ್ನುವುದು ಮುಖ್ಯ. ಎರಡು ಮೂಳೆಗಳನ್ನು ಒತ್ತಿ ಹಿಡಿಯುವ ಕ್ಲಾಂಪನ್ನು ಓರೆಯಾಗಿ ಹಾಕಿ ಬಿಗಿದರೆ ಫಿಬುಲಾ ಮುಂದಕ್ಕೋ ಹಿಂದಕ್ಕೋ ಸರಿದು, ಸ್ಕ್ರೂ ಅದನ್ನು ಅಲ್ಲೇ ಬಂಧಿಸಿಬಿಡುತ್ತದೆ. ನೇರದ ಎಕ್ಸ್‌ರೇಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಆಪರೇಶನ್ ಶುರುವಾಗುವ ಮುಂಚೆಯೇ ರೋಗಿಯ ಒಳ್ಳೆಯ ಕಾಲಿನ ಎಕ್ಸ್‌ರೇಯನ್ನು ಪಕ್ಕದಿಂದ ತೆಗೆದಿಟ್ಟುಕೊಂಡು ಅದಕ್ಕೆ ಹೋಲಿಸಿ, ಇಲ್ಲವೇ ಮುಂಭಾಗ ಬಿಡಿಸಿ ಕಣ್ಣಾರೆ ನೋಡಿ. ಅನುಮಾನ ಉಳಿದರೆ ಆಮೇಲೆ ಎರಡೂ ಕಾಲಿನ ಸಿಟಿ ಸ್ಕ್ಯಾನ್ ಮಾಡಿಸಿ. ತಪ್ಪಾಗಿ ಕೂತಿದ್ದರೆ ಮೊದಲ ಕೆಲವು ದಿನಗಳಲ್ಲೇ ಸರಿಮಾಡುವುದು ಸುಲಭ.

ಕೊನೆಗೆ, ಸ್ಕ್ರೂ ತೆಗೆಸಲೇಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಎಲ್ಲರಿಗೂ ಬೇಕಿಲ್ಲ. ನಡೆಯುತ್ತಾ ಅದು ಸಡಿಲವಾಗಬಹುದು, ಒಳಗೇ ತುಂಡಾಗಲೂಬಹುದು, ಅಷ್ಟಕ್ಕೇ ಹೆದರಬೇಡಿ. ನೋವಿದ್ದರೆ ಅಥವಾ ಪಾದ ಮೇಲಕ್ಕೆ ಮಡಚಲು ಅಡ್ಡಿಯಾದರೆ ಆಗ ತೆಗೆದರಾಯಿತು. ನಮಸ್ಕಾರ.