ಮೊದಲ ದೊಡ್ಡ ಆರ್ಡರ್ ಬಂತು: ಥ್ಯಾಂಕ್ಸ್ ಮೆಸೇಜ್‌ನಲ್ಲಿ ಏನೇನಿರಬೇಕು?

[ಪರದೆ: ಗೋದಾಮಿನಲ್ಲಿ ಮೆಣಸಿನ ಮೂಟೆ, ಪಕ್ಕದಲ್ಲಿ ತಕ್ಕಡಿ]

ನಮಸ್ಕಾರ. ಕುಶಾಲನಗರದಲ್ಲಿ ಕರಿಮೆಣಸಿನ ವ್ಯಾಪಾರ ಇಟ್ಟುಕೊಂಡವರಿಗೆ ಬೆಂಗಳೂರಿನ ಅಂಗಡಿಯವರೊಬ್ಬರು ಮೊದಲ ಸಲ 200 ಕೆಜಿ ಆರ್ಡರ್ ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಐದು ಕೆಜಿ, ಹತ್ತು ಕೆಜಿ ತರಿಸಿಕೊಳ್ಳುತ್ತಿದ್ದವರು. ಖುಷಿಯಲ್ಲಿ “ತುಂಬಾ ಥ್ಯಾಂಕ್ಸ್ ಸರ್, ಬೇಗ ಕಳಿಸ್ತೀವಿ” ಅಂತ ಹಾಕಿಬಿಡುತ್ತೇವೆ. ತೊಂದರೆ ಶುರುವಾಗುವುದೇ ಆ “ಬೇಗ”ದಿಂದ. ಅವರು ನಾಳೆ ಅಂದುಕೊಳ್ಳುತ್ತಾರೆ, ನಾವು ಹಣ ಬಂದ ಮೇಲೆ ಅಂದುಕೊಂಡಿರುತ್ತೇವೆ.

[ಪರದೆ: ಮೆಸೇಜ್]

“ನಮಸ್ಕಾರ ಸರ್. 200 ಕೆಜಿ ಕರಿಮೆಣಸಿನ ಆರ್ಡರ್ ಸಿಕ್ಕಿತು. ನಮ್ಮ ಮೇಲೆ ನಂಬಿಕೆ ಇಟ್ಟು ಇಷ್ಟು ದೊಡ್ಡ ಆರ್ಡರ್ ಕೊಟ್ಟಿದ್ದಕ್ಕೆ ಧನ್ಯವಾದ. 50 ಕೆಜಿಯ 4 ಮೂಟೆ, ಕೆಜಿಗೆ 700 ರೂಪಾಯಿ. ಪ್ರೊಫಾರ್ಮಾ ಇದರ ಜೊತೆಗಿದೆ. ಅದರಲ್ಲಿರುವ ಹೆಸರು, ಜಿಎಸ್‌ಟಿ ನಂಬರ್, ಮಾಲು ಇಳಿಸುವ ವಿಳಾಸ ಸರಿ ಇದೆಯಾ ನೋಡಿ ಹೇಳಿ. ಮುಂಗಡ 58,800 ರೂಪಾಯಿ ಬಂದ ಮೂರನೇ ಕೆಲಸದ ದಿನ ಮಾಲು ಟ್ರಾನ್ಸ್‌ಪೋರ್ಟ್‌ಗೆ ಹಾಕುತ್ತೇವೆ. ಬಾಕಿ ಹಣ ಮಾಲು ಲೋಡ್ ಆಗುವ ಮೊದಲು ಹಾಕಿ.”

ಇಷ್ಟೇ. ಧನ್ಯವಾದಕ್ಕೆ ಒಂದು ವಾಕ್ಯ ಸಾಕು. ಅವರು ಈಗ ಮಾಡಬೇಕಾದ್ದು ಎರಡೇ ಕೆಲಸ: ವಿವರ ನೋಡಿ ಹೇಳುವುದು, ಮುಂಗಡ ಹಾಕುವುದು. ದಿನದ ಲೆಕ್ಕ ಶುರುವಾಗುವುದು ಮುಂಗಡ ಬಂದ ದಿನದಿಂದ, ಆರ್ಡರ್ ಕೊಟ್ಟ ದಿನದಿಂದ ಅಲ್ಲ. ಇದನ್ನು ಬರೆದೇ ಹೇಳಬೇಕು.

[ಪರದೆ: ಲೆಕ್ಕದ ಚೀಟಿ]

ಲೆಕ್ಕ ನೋಡೋಣ. 700 ರೂಪಾಯಿ ನಾವು ಉದಾಹರಣೆಗೆ ಹಿಡಿದ ದರ. 200 ಕೆಜಿಗೆ 1,40,000. ಒಣ ಕರಿಮೆಣಸಿಗೆ ಜಿಎಸ್‌ಟಿ ಶೇ. 5, ಅಂದರೆ 7,000. ಇಬ್ಬರೂ ಕರ್ನಾಟಕದಲ್ಲೇ ಇರುವುದರಿಂದ ಕೇಂದ್ರಕ್ಕೆ 3,500, ರಾಜ್ಯಕ್ಕೆ 3,500. ಒಟ್ಟು 1,47,000. ಅದರ ಶೇ. 40 ಮುಂಗಡ, ಬಾಕಿ 88,200.

ಇಲ್ಲಿ ಹೆಚ್ಚಿನವರು ಎಡವುವುದು ಬಿಲ್ ವಿಷಯದಲ್ಲಿ. ಮುಂಗಡ ಕೇಳುವಾಗಲೇ ಟ್ಯಾಕ್ಸ್ ಇನ್‌ವಾಯ್ಸ್ ಹರಿದುಕೊಟ್ಟುಬಿಡುತ್ತಾರೆ. ಆಮೇಲೆ ಅವರು 150 ಕೆಜಿ ಸಾಕು ಅಂದರೆ ಬಿಲ್ ಮೊತ್ತ ಇಳಿಸಲು ಕ್ರೆಡಿಟ್ ನೋಟ್ ಮಾಡುತ್ತಾ ಕೂರಬೇಕು. ಮೊದಲು ಕೊಡಬೇಕಾದ್ದು ಪ್ರೊಫಾರ್ಮಾ. ಅದು ದರಪಟ್ಟಿ ಇದ್ದ ಹಾಗೆ, ಬದಲಾಯಿಸಬಹುದು. ಮುಂಗಡ ಬಂದಾಗ ರಸೀದಿ ವೋಚರ್ ಕೊಡಿ. ಸರಕಿನ ಮುಂಗಡಕ್ಕೆ ಆಗಲೇ ಜಿಎಸ್‌ಟಿ ಕಟ್ಟಬೇಕಾಗಿಲ್ಲ. ಟ್ಯಾಕ್ಸ್ ಇನ್‌ವಾಯ್ಸ್ ತೂಕ ಮುಗಿದ ಮೇಲೆ, ಮಾಲು ಗೋದಾಮು ಬಿಡುವ ಮೊದಲು. ಮೂರು ಪ್ರತಿ: ಒಂದು ಗಿರಾಕಿಗೆ, ಒಂದು ಟ್ರಾನ್ಸ್‌ಪೋರ್ಟ್‌ನವರಿಗೆ, ಒಂದು ನಮಗೆ.

ಜಿಎಸ್‌ಟಿ ನಂಬರ್ 15 ಅಕ್ಷರ. ಕರ್ನಾಟಕದ್ದಾದರೆ 29ರಿಂದ ಶುರು. ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ, ಟೈಪ್ ಮಾಡಿ ಕಳಿಸಲು ಹೇಳಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಒಂದು ಅಕ್ಷರ ತಪ್ಪಿದರೂ ಅವರು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಆ 7,000 ರೂಪಾಯಿಯ ಕ್ರೆಡಿಟ್ ಅವರ ಲೆಕ್ಕಕ್ಕೆ ಬರುವುದಿಲ್ಲ. ತಿಂಗಳು ಕಳೆದ ಮೇಲೆ ಅವರ ಅಕೌಂಟೆಂಟ್ ಫೋನ್ ಮಾಡಿದಾಗಲೇ ನಮಗೆ ಗೊತ್ತಾಗುವುದು.

[ಪರದೆ: ಒಳಗೆ ಪ್ಲಾಸ್ಟಿಕ್ ಚೀಲ ಹಾಕಿದ ಗೋಣಿ]

ಇನ್ನು ಮಾಲು. ನಮ್ಮ ಮಳೆಗಾಲದಲ್ಲಿ ಮೆಣಸು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಇಲ್ಲಿ 50 ತೂಗಿದ್ದು ಒಣ ಹವೆಯಲ್ಲಿ ನಾಲ್ಕು ದಿನ ಇಟ್ಟರೆ ಕಡಿಮೆ ತೂಗಬಹುದು. 200 ಕೆಜಿಯಲ್ಲಿ ಶೇ. 1 ಹೋದರೂ 2 ಕೆಜಿ, 1,400 ರೂಪಾಯಿ. ಮೊದಲ ಆರ್ಡರ್‌ನಲ್ಲೇ ತೂಕದ ಜಗಳ ಬೇಡ. ತೂಗುವ ದಿನವೇ ಮೀಟರ್‌ನಲ್ಲಿ ತೇವಾಂಶ ನೋಡಿ ಬಿಲ್‌ನಲ್ಲಿ ಬರೆಯಿರಿ, ಒಳಚೀಲದ ಬಾಯಿ ಬಿಗಿಯಾಗಿ ಕಟ್ಟಿ. ಗೋಣಿಯ ತೂಕ ಬಿಟ್ಟು ಮೆಣಸಿನ ತೂಕ ಎಷ್ಟು ಅಂತ ಪ್ರತಿ ಮೂಟೆಯ ಮೇಲೂ ಬರೆಯಿರಿ. ತಕ್ಕಡಿಯ ಫೋಟೋ ಗಿರಾಕಿಗೆ ಕಳಿಸಿದರೆ ಇನ್ನೂ ಒಳ್ಳೆಯದು.

[ಪರದೆ: ಇ-ವೇ ಬಿಲ್]

ಬಿಲ್ ಮೊತ್ತ 50,000 ದಾಟಿರುವುದರಿಂದ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ದಾಖಲೆ ಬೇಕು. ಟ್ರಾನ್ಸ್‌ಪೋರ್ಟ್ ಆಫೀಸ್ ಕುಶಾಲನಗರದಲ್ಲೇ ಇದ್ದರೆ, ಅಂದರೆ 50 ಕಿಮೀ ಒಳಗಿದ್ದರೆ, ನಾವು ಬಿಲ್ ಮತ್ತು ಮಾಲಿನ ವಿವರ ಇರುವ ಪಾರ್ಟ್ ಎ ತುಂಬಿ ಟ್ರಾನ್ಸ್‌ಪೋರ್ಟರ್ ಐಡಿ ಹಾಕಿದರೆ ಸಾಕು. ಲಾರಿ ನಂಬರ್ ಇರುವ ಪಾರ್ಟ್ ಬಿ ಅವರು ತುಂಬುತ್ತಾರೆ, ಅವಧಿ ಎಣಿಕೆ ಆಗಲೇ ಶುರು. 200 ಕಿಮೀಗೆ ಒಂದು ದಿನ. ಬೆಂಗಳೂರು ಅದಕ್ಕಿಂತ ದೂರ, ಹಾಗಾಗಿ ಎರಡು ದಿನ. ಮೈಸೂರಿನಲ್ಲಿ ಮೂಟೆ ಬೇರೆ ಲಾರಿಗೆ ಹೋದರೆ ಪಾರ್ಟ್ ಬಿಯಲ್ಲಿ ಹೊಸ ನಂಬರ್ ಬರಬೇಕು. ಅದು ಆಯಿತಾ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ದಾರಿಯಲ್ಲಿ ತಪಾಸಣೆಯಾದಾಗ ಮಾಲು ನಿಂತುಹೋಗುತ್ತದೆ.

ಲಾರಿ ಹೊರಟ ಸಂಜೆ ಎರಡನೇ ಮೆಸೇಜ್: ಟ್ಯಾಕ್ಸ್ ಇನ್‌ವಾಯ್ಸ್, ಇ-ವೇ ಬಿಲ್ ನಂಬರ್, ಟ್ರಾನ್ಸ್‌ಪೋರ್ಟ್‌ನವರು ಕೊಡುವ ಲಾರಿ ರಸೀದಿ ಅಂದರೆ ಎಲ್ಆರ್ ಪ್ರತಿ, ಮೂಟೆ 4. ಕೊನೆಗೆ ಒಂದು ಸಾಲು ಸೇರಿಸಿ: “ಸರ್, ಇಳಿಸಿಕೊಳ್ಳುವಾಗ ಮೂಟೆ ಒದ್ದೆಯಾಗಿದ್ದರೆ, ಹೊಲಿಗೆ ಬಿಚ್ಚಿದ್ದರೆ, ಸಹಿ ಹಾಕುವ ಮೊದಲೇ ಎಲ್ಆರ್ ಮೇಲೆ ಬರೆದು ಫೋಟೋ ಕಳಿಸಿ.” ಸುಮ್ಮನೆ ಸಹಿ ಬಿದ್ದ ಮೇಲೆ ಟ್ರಾನ್ಸ್‌ಪೋರ್ಟ್‌ನವರ ಹತ್ತಿರ ನಷ್ಟ ಕೇಳುವುದು ಬಹಳ ಕಷ್ಟ.